ಮೊದಲು ಮರಳುವುದು ದಮ್ಮು

ಹೋದ ವರ್ಷ ಆಯುಧಪೂಜೆಗೆ ಮುಂಚೆ ಮನೆ ಗುಡಿಸುವಾಗ ಅಟ್ಟದಿಂದ ಒಂದು ಕ್ಯಾನ್ವಾಸ್ ಚೀಲ ಕೆಳಗೆ ಬಂತು. ಒಳಗೆ ನನ್ನ ಫುಟ್‌ಬಾಲ್ ಬೂಟುಗಳು. ಹದಿನಾರು ವರ್ಷ ಅಲ್ಲೇ ಮಲಗಿದ್ದವು. ಅಮ್ಮ, "ಇಟ್ಕೋತೀಯೋ, ಕಸದ ಗಾಡಿಗೆ ಹಾಕ್ಲೋ?" ಅಂದರು. ಕಾಲಿಗೆ ಹಾಕಿಕೊಂಡು ಎರಡು ಹೆಜ್ಜೆ ಇಟ್ಟೆ. ಎಡಗಾಲಿನ ಅಟ್ಟೆ ಪೂರ್ತಿ ಕಳಚಿ ನೆಲದ ಮೇಲೆಯೇ ಉಳಿಯಿತು. ಮೇಲಿನ ಚರ್ಮ ಗಟ್ಟಿಯಾಗಿತ್ತು, ಅಟ್ಟೆಯೂ ಮುರಿದಿರಲಿಲ್ಲ. ಕೈಕೊಟ್ಟಿದ್ದು ಎರಡನ್ನೂ ಹಿಡಿದಿದ್ದ ಅಂಟು. ಅದು ಬರೀ ಬೂಟಿನ ಸಮಾಚಾರ ಅಂತ ಆಗ ಅಂದುಕೊಂಡಿದ್ದೆ.

ಆಸ್ಟಿನ್ ಟೌನಿನ ಪಕ್ಕದಲ್ಲಿ ಬೆಳೆದವನಿಗೆ ಫುಟ್‌ಬಾಲು ಯಾಕೆ ಅಂತ ಕೇಳುವವರು ಕಡಿಮೆ. ಬೆಂಗಳೂರಿನ ಈ ದಂಡುಪ್ರದೇಶದ ಗಲ್ಲಿಗಳ ರೀತಿಯೇ ಬೇರೆ. ಹಲಸೂರಿನ ಹತ್ತಿರ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಅವನೂ ನಿಂತಿದ್ದಾನೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಾಗ ನಮ್ಮ ಕಡೆಯ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಆ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ನಮಗೆ ಆಟ ಕಲಿಸಿದ ಸರ್ ಆ ಕಥೆಯನ್ನು ಪ್ರತಿ ಮಳೆಗಾಲದಲ್ಲೂ ಒಮ್ಮೆಯಾದರೂ ಹೇಳುತ್ತಿದ್ದರು. ಹೇಳಿ ಮುಗಿಸಿ ನಮ್ಮ ಬೂಟಿನ ಲೇಸು ಸರಿಯಾಗಿದೆಯೇ ಅಂತ ಬಗ್ಗಿ ನೋಡುತ್ತಿದ್ದರು.

ನಾನು ಆಡುತ್ತಿದ್ದದ್ದು ರೈಟ್ ಔಟ್. ಬಲಗಡೆಯ ಗೆರೆಗೆ ಅಂಟಿಕೊಂಡು ನಿಲ್ಲುವುದು, ಚೆಂಡು ಬಂದ ಕೂಡಲೇ ಬ್ಯಾಕನ್ನು ದಾಟಿ ಓಡುವುದು, ಒಳಕ್ಕೆ ಎತ್ತಿ ಹಾಕುವುದು. ಇಪ್ಪತ್ತೇಳಕ್ಕೆ ಕೆಲಸ, ಮದುವೆ, ಬೇರೆ ಊರು ಒಟ್ಟಿಗೆ ಬಂದವು, ಆಟ ನಿಂತಿತು. ನಲವತ್ಮೂರಕ್ಕೆ ಬೆಂಗಳೂರಿಗೆ ವಾಪಸ್ಸಾದ ಮೇಲೆ ಹಳೆಯ ಗೆಳೆಯನ ಫೋನು ಬಂತು: "ಭಾನುವಾರ ಬೆಳಗ್ಗೆ ಆರೂವರೆಗೆ ಟರ್ಫಿಗೆ ಬಾ ಮಗಾ. ಏಳೇಳು ಜನ ಆಡ್ತೀವಿ. ಎಲ್ಲ ನಮ್ಮ ವಯಸ್ಸಿನೋರೇ."

ಒಂದು ಕೆಲಸವನ್ನು ನಾನು ಸರಿಯಾಗಿ ಮಾಡಿದೆ. ಹೋಗುವ ಮೊದಲು ವೈದ್ಯರ ಹತ್ತಿರ ಹೋದೆ. ನಮ್ಮ ಮನೆಯಲ್ಲಿ ಅಪ್ಪನಿಗೆ ಐವತ್ತೆರಡಕ್ಕೇ ಹೃದಯದ ತೊಂದರೆ ಬಂದಿತ್ತು, ಅದನ್ನು ಮೊದಲೇ ಹೇಳಿದೆ. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಇಸಿಜಿ ನೋಡಿ, ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ ಪರೀಕ್ಷೆ ಮಾಡಿದರು. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಚೆನ್ನಾಗಿದೆ ಅಂದ ಮಾತ್ರಕ್ಕೆ ಓಡುವಾಗಲೂ ಎಲ್ಲ ಚೆನ್ನಾಗಿರುತ್ತದೆ ಅನ್ನುವ ಹಾಗಿಲ್ಲ ಅಂತ ಅವರೇ ಹೇಳಿದರು. ಆಡುವಾಗ ಎದೆ ಬಿಗಿಯುವುದು, ನೋವು ದವಡೆಗೋ ತೋಳಿಗೋ ಹಬ್ಬುವುದು, ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಯಾವುದು ಬಂದರೂ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸು ಅಂತ ಸೋಡಾ ಕುಡಿದು ಕೂರಬಾರದು. ನಲವತ್ತು ದಾಟಿ ಮೈದಾನಕ್ಕೆ ಮರಳುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ಎಡವಿದ್ದು ಇನ್ನೊಂದು ಕಡೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಆಮೇಲೆ ವಿಚಾರಿಸಿದರೆ ನಮ್ಮ ಗುಂಪಿನಲ್ಲಿ ಹೆಚ್ಚುಕಮ್ಮಿ ಎಲ್ಲರೂ ಅದೇ ಜಾಗದಲ್ಲಿ ಎಡವಿದ್ದರು.

ಮೊದಲ ನಾಲ್ಕು ವಾರ ನಾನು ಅವಸರ ಮಾಡಲಿಲ್ಲ. ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷ ನಡಿಗೆ, ಮಧ್ಯೆ ಮಧ್ಯೆ ಸಣ್ಣ ಓಟ. ಮೊದಲ ವಾರ ಎರಡು ನಿಮಿಷ ಓಡಿದರೆ ಮಾತಾಡಲು ಉಸಿರು ಸಿಗುತ್ತಿರಲಿಲ್ಲ. ನಾಲ್ಕನೇ ವಾರಕ್ಕೆ ಪಕ್ಕದವನ ಜೊತೆ ಹರಟುತ್ತಾ ಓಡುತ್ತಿದ್ದೆ. ಆ ಭಾನುವಾರ ಹತ್ತು ಹತ್ತು ನಿಮಿಷದ ಎರಡು ಆಟ ಆಡಿದೆ, ಏನೂ ಆಗಲಿಲ್ಲ. ಐದನೇ ಭಾನುವಾರ ಇಬ್ಬರು ಬರಲಿಲ್ಲ. "ಒಬ್ಬ ಕಮ್ಮಿ ಇದ್ದಾನೆ, ಇನ್ನೊಂದು ಆಟ ಆಡೋ" ಅಂದರು. ಆಡಿದೆ. ಮತ್ತೊಂದು ಅಂದರು. ಅದನ್ನೂ, ಅದರ ಮುಂದಿನವನ್ನೂ ಆಡಿದೆ. ಕಾಲು ಹಗುರವಾಗಿತ್ತು, ಉಸಿರು ಇತ್ತು, ಹಳೆಯ ಗೆರೆಯ ಮೇಲೆ ಹಳೆಯ ಹಾಗೆಯೇ ಓಡುತ್ತಿದ್ದೆ. ಒಟ್ಟು 80 ನಿಮಿಷ. ಮನೆಗೆ ಬಂದು ದೋಸೆ ತಿಂದು ಮಧ್ಯಾಹ್ನ ಸುಖವಾಗಿ ಮಲಗಿದೆ.

ಪೆಟ್ಟು ಬಂದದ್ದು ಬುಧವಾರ, ಅದೂ ಮೆಲ್ಲಗೆ ಓಡುವಾಗ. ಹನ್ನೆರಡನೇ ನಿಮಿಷದ ಹೊತ್ತಿಗೆ ಬಲಗಾಲಿನ ಮೀನಖಂಡದ ಒಳಗೆ, ಆಳದಲ್ಲಿ, ಯಾರೋ ಹಗ್ಗ ಹುರಿ ಮಾಡಿದ ಹಾಗೆ ಬಿಗಿಯತೊಡಗಿತು. ಉಜ್ಜಿಕೊಂಡು ಮತ್ತೆ ಓಡಿದೆ. ಇನ್ನೂ ನಾಲ್ಕು ನಿಮಿಷಕ್ಕೆ ಹೆಜ್ಜೆ ಊರಲು ಆಗಲಿಲ್ಲ.

ಫಿಸಿಯೋ ಮೇಡಂ ಮೊದಲು ನನ್ನನ್ನು ಬೋರಲು ಮಲಗಿಸಿ, ಪಾದಗಳು ಮಂಚದ ಆಚೆಗೆ ಇಳಿಬಿದ್ದಿರುವ ಹಾಗೆ ಮಾಡಿ, ಮೀನಖಂಡವನ್ನು ಹಿಡಿದು ಹಿಂಡಿದರು. ಹಿಂಡಿದ ಕೂಡಲೇ ಪಾದ ತಾನಾಗಿ ಕೆಳಕ್ಕೆ ಬಾಗಿತು. "ಸದ್ಯ ಸರ್, ಹಿಮ್ಮಡಿ ನರ ಹರಿದಿಲ್ಲ" ಅಂದರು. ನಾವು ಹಿಮ್ಮಡಿ ನರ ಅನ್ನುವುದು ನಿಜವಾಗಿ ನರವಲ್ಲ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ದಪ್ಪ ರಜ್ಜು, ಅಕಿಲಿಸ್. ಅದು ಪೂರ್ತಿ ಹರಿದಿದ್ದರೆ ಎಷ್ಟು ಹಿಂಡಿದರೂ ಪಾದ ಅಲ್ಲಾಡುವುದಿಲ್ಲ. ಹರಿಯುವ ಕ್ಷಣದಲ್ಲಿ ಹಿಂದಿನಿಂದ ಯಾರೋ ಒದ್ದ ಹಾಗೆ ಆಗುತ್ತದಂತೆ, ಎಷ್ಟೋ ಜನ ತಿರುಗಿ ಯಾರು ಅಂತ ನೋಡುತ್ತಾರಂತೆ. ಅದು ಹೆಚ್ಚಾಗಿ ಸಂಭವಿಸುವುದು ಮೂವತ್ತರಿಂದ ಐವತ್ತರ ನಡುವಿನ ಗಂಡಸರಿಗೆ, ವಾರವಿಡೀ ಕುಳಿತು ರಜಾದಿನ ಆಡುವವರಿಗೆ.

ಆಮೇಲೆ ನಿಲ್ಲಿಸಿ ಮೊಣಕಾಲು ನೆಟ್ಟಗೆ ಇಟ್ಟುಕೊಂಡು ಹಿಮ್ಮಡಿ ಎತ್ತಿಸಿದರು, ನೋವು ಸ್ವಲ್ಪವೇ. ಮೊಣಕಾಲು ಬಾಗಿಸಿಕೊಂಡು ಎತ್ತಿಸಿದರು, ಅಲ್ಲಿ ಹಿಡಿಯಿತು. ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯು. ಹೊರಗೆ ಉಬ್ಬಿ ಕಾಣುವುದು ಒಂದು, ಅದರ ಅಡಿಯಲ್ಲಿ ಚಪ್ಪಟೆಯಾಗಿ ಇರುವ ಸೋಲಿಯಸ್ ಇನ್ನೊಂದು. ಮೊಣಕಾಲು ಬಾಗಿದಾಗ ಹೊರಗಿನದು ಸಡಿಲವಾಗಿ ಭಾರವೆಲ್ಲ ಸೋಲಿಯಸ್ ಮೇಲೆ ಬೀಳುತ್ತದೆ. ಹೊರಗಿನದು ಹರಿಯುವುದು ಜೋರಾಗಿ ಹಾರುವಾಗ, ಚಿಮ್ಮುವಾಗ, ಫಟ್ಟನೆ. ಸೋಲಿಯಸ್ ಹಾಗಲ್ಲ, ದಣಿದ ಮೇಲೆ, ನಿಧಾನದ ಓಟದಲ್ಲಿ, ಬಿಗಿತದ ವೇಷ ಹಾಕಿಕೊಂಡು ಬರುತ್ತದೆ. ಅದಕ್ಕೇ ಎಷ್ಟೋ ಜನ ಅದನ್ನು ಸೆಳೆತ ಅಂತ ತಿಳಿದು ಉಜ್ಜಿಕೊಂಡು ಮತ್ತೆ ಓಡುವುದು. ನಾನು ಮಾಡಿದ್ದೂ ಅದನ್ನೇ.

ಇಷ್ಟಾದ ಮೇಲೆ ಮೇಡಂ ಒಂದು ಹಾಳೆ ಕೊಟ್ಟು ಐದು ವಾರದ ಲೆಕ್ಕ ಬರೆಯಲು ಹೇಳಿದರು. ಲೆಕ್ಕ ಸುಲಭ. ಪ್ರತಿ ಸಲ ಎಷ್ಟು ನಿಮಿಷ ಆಡಿದಿರಿ, ಎಷ್ಟು ಕಷ್ಟವಾಯಿತು ಅಂತ ಹತ್ತಕ್ಕೆ ಒಂದು ಅಂಕಿ ಕೊಡಿ, ಎರಡನ್ನೂ ಗುಣಿಸಿ. ಮೊದಲ ವಾರ ಮೂರು ದಿನ, ದಿನಕ್ಕೆ 20 ನಿಮಿಷ, ಕಷ್ಟ 3, ಒಟ್ಟು 180. ಎರಡನೆಯದು 240, ಮೂರನೆಯದು 300. ನಾಲ್ಕನೇ ವಾರ ಎರಡು ಓಟಕ್ಕೆ 200, ಇಪ್ಪತ್ತು ನಿಮಿಷದ ಆಟಕ್ಕೆ 120, ಸೇರಿ 320. ನಾಲ್ಕು ವಾರದ ಸರಾಸರಿ 260. ಐದನೇ ವಾರ ಎರಡು ಓಟಕ್ಕೆ ಅದೇ 200. ಭಾನುವಾರದ 80 ನಿಮಿಷಕ್ಕೆ ಕಷ್ಟ 8 ಅಂತ ಬರೆದೆ, ಅದೊಂದೇ 640. ಸೇರಿಸಿದರೆ 840. ನನ್ನ ಕಾಲಿಗೆ ರೂಢಿಯಾಗಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹಾಳೆ ತಿರುಗಿಸಿ ನನಗೇ ತೋರಿಸಿದರು, ಬೇರೆ ಏನೂ ಹೇಳಲಿಲ್ಲ.

"ಆದರೆ ಮೇಡಂ, ಆ ದಿನ ನನಗೆ ಉಸಿರು ಕಟ್ಟಲೇ ಇಲ್ಲವಲ್ಲ" ಅಂದೆ.

"ಅದೇ ಸರ್ ತೊಂದರೆ" ಅಂದರು.

ಅವರು ಬಿಡಿಸಿ ಹೇಳಿದ್ದನ್ನು ನಾನು ಅರ್ಥಮಾಡಿಕೊಂಡ ಹಾಗೆ ಹೇಳುತ್ತೇನೆ. ಬಿಟ್ಟುಹೋದದ್ದು ಮರಳುವಾಗ ಮೈಯಲ್ಲಿ ಎಲ್ಲವೂ ಒಂದೇ ದಿನ ಮರಳುವುದಿಲ್ಲ. ರಕ್ತದ ನೀರಿನಂಶ ಹೆಚ್ಚಿ ಹೃದಯಕ್ಕೆ ಕೆಲಸ ಸಲೀಸಾಗುವುದು ಒಂದೆರಡು ವಾರದಲ್ಲೇ. ಆಮೇಲೆ ಸ್ನಾಯು ಆಮ್ಲಜನಕ ಬಳಸುವುದನ್ನು ಮತ್ತೆ ಕಲಿಯುತ್ತದೆ, ನಾಲ್ಕಾರು ವಾರದಲ್ಲಿ ದಮ್ಮು ಬಂತು ಅನ್ನಿಸುತ್ತದೆ. ಸ್ನಾಯುವಿಗೆ ನಿಜವಾದ ಬಲ ಬರಲು ಅದಕ್ಕೂ ಹೆಚ್ಚು ಕಾಲ ಬೇಕು. ರಜ್ಜುಗಳದು ಎಲ್ಲಕ್ಕಿಂತ ನಿಧಾನ. ಅವುಗಳಿಗೆ ರಕ್ತದ ಓಡಾಟ ಕಡಿಮೆ, ಒಳಗಿನ ಎಳೆಗಳು ಹೊಸದಾಗಿ ಗಟ್ಟಿಯಾಗುವುದು ತಿಂಗಳುಗಳ ಲೆಕ್ಕದಲ್ಲಿ. ಸರಿಯಾಗಿ ಭಾರ ಕೊಟ್ಟು ದುಡಿಸಿದರೂ ಹನ್ನೆರಡು ವಾರದ ಹತ್ತಿರ. ಹಾಗಾಗಿ ಐದನೇ ವಾರದ ಸುಮಾರಿಗೆ ಒಂದು ವಿಚಿತ್ರ ಸ್ಥಿತಿ ಬರುತ್ತದೆ. ಎಷ್ಟು ಬೇಕಾದರೂ ಓಡಬಲ್ಲೆ ಅಂತ ಎದೆ ಹೇಳುತ್ತದೆ. ಮೀನಖಂಡದ ಬಲವೂ ಹಿಮ್ಮಡಿಯ ರಜ್ಜುವೂ ಇನ್ನೂ ಹೋದ ತಿಂಗಳಲ್ಲೇ ಇರುತ್ತವೆ. ಮೊದಲ ವಾರ ಉಸಿರೇ ನಮ್ಮನ್ನು ತಡೆದು ಕಾಪಾಡುತ್ತದೆ. ಉಸಿರು ಸುಧಾರಿಸಿದ ದಿನ ಆ ಕಾವಲು ಹೋಗುತ್ತದೆ. ಅಟ್ಟದ ಮೇಲಿನ ಬೂಟು ನನಗೆ ನೆನಪಾಗಿದ್ದು ಆ ಹೊತ್ತಿನಲ್ಲಿ.

ಬೂಟಿನ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಾವು ಆಫೀಸಿಗೆ ಹಾಕುವ ಶೂಗಳಿಗೂ ಓಡುವ ಶೂಗಳಿಗೂ ಹಿಮ್ಮಡಿ ಸ್ವಲ್ಪ ಎತ್ತರ ಇರುತ್ತದೆ. ಫುಟ್‌ಬಾಲ್ ಬೂಟು ಹೆಚ್ಚುಕಡಿಮೆ ಚಪ್ಪಟೆ. ವರ್ಷಾನುಗಟ್ಟಲೆ ಎತ್ತರದ ಹಿಮ್ಮಡಿಗೆ ಒಗ್ಗಿಹೋದ ಮೀನಖಂಡ, ಚಪ್ಪಟೆ ಬೂಟಿನಲ್ಲಿ ಪ್ರತಿ ಹೆಜ್ಜೆಗೂ ಇನ್ನಷ್ಟು ಉದ್ದಕ್ಕೆ ಹಿಗ್ಗಬೇಕು. ಬರಿಗಾಲಲ್ಲೇ ಬೆಳೆದ ಹುಡುಗರಿಗೆ ಇದು ಸಹಜ. ಕುರ್ಚಿಯಿಂದ ಎದ್ದು ಬಂದವರಿಗೆ ಅಲ್ಲ. ಇನ್ನು ಸ್ಟಡ್ಸ್. ಹುಲ್ಲಿನ ಮೈದಾನಕ್ಕೆ ಮಾಡಿದ ಉದ್ದ ಸ್ಟಡ್ಸ್ ಹಾಕಿಕೊಂಡು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡಿದರೆ ಪಾದ ಹಿಡಿದುಕೊಂಡು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ನಡುವೆ ಸಿಕ್ಕಿಬೀಳುವುದು ಮೊಣಕಾಲು. ಟರ್ಫಿಗೆ ಸಣ್ಣ ರಬ್ಬರ್ ಗುಬುಟುಗಳ ಶೂ ಬೇರೆಯೇ ಸಿಗುತ್ತದೆ. ನಾನು ಹೊಸದಾಗಿ ಕೊಂಡದ್ದು ಅದನ್ನು. ಅದನ್ನು ಮೊದಲು ಎರಡು ವಾರ ಮನೆಯ ಹತ್ತಿರ ನಡೆಯಲು ಬಳಸಿ, ಆಮೇಲೆ ಆಟಕ್ಕೆ ಹಾಕಿಕೊಂಡೆ.

ವಾಪಸ್ಸು ಆಡಲು ಐದು ವಾರ ಹಿಡಿಯಿತು. ಮೇಡಂ ಕೊಟ್ಟ ಮುಖ್ಯ ಕೆಲಸ ಒಂದೇ, ಹಿಮ್ಮಡಿ ಎತ್ತುವುದು. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂಟಿಕಾಲಲ್ಲಿ. ಮೂರು ಎಣಿಸುತ್ತಾ ಮೇಲೆ, ಮೂರು ಎಣಿಸುತ್ತಾ ಕೆಳಗೆ, ದಿನ ಬಿಟ್ಟು ದಿನ. ಅರ್ಧ ಮೊಣಕಾಲು ನೆಟ್ಟಗೆ, ಅರ್ಧ ಬಾಗಿಸಿ, ಎರಡು ಸ್ನಾಯುವಿಗೂ ಪಾಲು ಸಿಗಲಿ ಅಂತ. ಸಲೀಸಾದ ಮೇಲೆ ಮಗಳ ಹಳೆಯ ಸ್ಕೂಲ್ ಬ್ಯಾಗಿಗೆ ಐದು ಕಿಲೋ ಅಕ್ಕಿ ಹಾಕಿ ಬೆನ್ನಿಗೆ ಏರಿಸಿಕೊಂಡೆ. ಪೆಟ್ಟಾದ ಕಾಲಲ್ಲೂ ಇನ್ನೊಂದು ಕಾಲಿನಷ್ಟೇ ಸಲ, ಅಂದರೆ ಇಪ್ಪತ್ತರ ಮೇಲೆ, ನೋವಿಲ್ಲದೆ ಎತ್ತಲು ಬಂದು, ಆಮೇಲೆ ಅದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಲು ಬಂದಾಗಲೇ ಓಡಬಹುದು ಅಂತ ಷರತ್ತು. ಕ್ಯಾಲೆಂಡರಿನ ತಾರೀಖು ನೋಡಿ ಅಲ್ಲ.

ಕಾಲಿನ ಮಾತು ಕೇಳಲು ಸರಿಯಾದ ಹೊತ್ತು ಆಟದ ಹೊತ್ತಲ್ಲ, ಮರುದಿನದ ಬೆಳಗು. ಆಡುವಾಗ ಮೈ ಬಿಸಿಯಾಗಿ ರಜ್ಜು ಸುಮ್ಮನಿರುತ್ತದೆ. ಮರುದಿನ ಹಾಸಿಗೆಯಿಂದ ಇಳಿದು ಬಚ್ಚಲುಮನೆಗೆ ಹೋಗುವ ಮೊದಲ ಹತ್ತು ಹೆಜ್ಜೆಯಲ್ಲಿ ಹಿಮ್ಮಡಿಯ ಮೇಲೆ ಬಿಗಿತ ಎಷ್ಟಿದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಅನ್ನುವುದೇ ನಿಜವಾದ ವರದಿ. ಹಲ್ಲುಜ್ಜುವಷ್ಟರಲ್ಲಿ ಬಿಟ್ಟರೆ ನಿನ್ನೆಯ ಲೆಕ್ಕ ಸರಿಯಿತ್ತು. ಕಾಫಿ ಮುಗಿದು ಪೇಪರ್ ಓದಿದರೂ ಉಳಿದಿದ್ದರೆ ಆ ವಾರ ಕಡಿಮೆ ಮಾಡುತ್ತೇನೆ. ಉಳಿದಂತೆ ಲೆಕ್ಕದ ಹಾಳೆ ಇದ್ದೇ ಇದೆ. ಹಿಂದಿನ ನಾಲ್ಕು ವಾರದ ಸರಾಸರಿಯ ಮೇಲೆ ಕಾಲು ಭಾಗಕ್ಕಿಂತ ಹೆಚ್ಚು ಏರಿಸಬಾರದು ಅಂತ ನಾನೇ ಒಂದು ಗೆರೆ ಎಳೆದುಕೊಂಡಿದ್ದೇನೆ. ಈ ಗೆರೆಯಲ್ಲಿ ಮಂತ್ರವೇನೂ ಇಲ್ಲ. ರಾತ್ರಿ ನಿದ್ದೆಗೆಟ್ಟದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅರವತ್ತು ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ವೇಗದಲ್ಲಿ ಓಡಿದೆ ಅನ್ನುವುದೂ ಗೊತ್ತಾಗುವುದಿಲ್ಲ.

ಆ ಎರಡನೆಯದು ನನ್ನನ್ನು ಜಾಗದ ಪ್ರಶ್ನೆಗೆ ತಂದು ನಿಲ್ಲಿಸಿತು. ಎಲ್ಲಿ ಆಡಬೇಕು?

ಗೆಳೆಯ ತಕ್ಷಣ ಹೇಳಿದ್ದು, "ಗೋಲಿ ನಿಂತ್ಕೋ ಮಗಾ, ಓಡೋದೇ ಬೇಡ." ವಯಸ್ಸಾದವರನ್ನು ಗೋಲಿನಲ್ಲಿ ನಿಲ್ಲಿಸುವುದು ಎಲ್ಲ ಕಡೆ ಇರುವ ಪದ್ಧತಿ. ಓಟ ಕಡಿಮೆ ಅನ್ನುವುದು ನಿಜ. ಆದರೆ ಗೋಲಿ ಹತ್ತು ನಿಮಿಷ ತಣ್ಣಗೆ ನಿಂತು, ಹನ್ನೊಂದನೇ ನಿಮಿಷಕ್ಕೆ ಪಕ್ಕಕ್ಕೆ ಹಾರಬೇಕು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಭುಜ ಊರಿ ಬೀಳಬೇಕು, ಹತ್ತಿರದಿಂದ ಬಂದ ಚೆಂಡಿಗೆ ಬೆರಳು ಕೊಡಬೇಕು. ಬೀಳುವುದನ್ನು ಚಿಕ್ಕಂದಿನಲ್ಲಿ ಕಲಿತವನಿಗೆ ಅದು ಸರಿ. ನಾನು ಕಲಿತವನಲ್ಲ.

ಆಗ ಹದಿಮೂರು ವರ್ಷದ ಮಗಳು ಸಹಾಯಕ್ಕೆ ಬಂದಳು. ಮೂರು ಭಾನುವಾರ ನೋಟ್‌ಬುಕ್ ಹಿಡಿದು ಬಲೆಯ ಹೊರಗೆ ಕೂತಳು. ಅಪ್ಪ ಪೂರ್ತಿ ವೇಗದಲ್ಲಿ ಓಡಿದಾಗಲೆಲ್ಲ ಒಂದು ಗೀಟು. ಮೊದಲ ವಾರ ಹಳೆಯ ಜಾಗದಲ್ಲಿ, ಬಲಗಡೆ ಮುಂದೆ ಆಡಿದೆ. ಇಪ್ಪತ್ತು ನಿಮಿಷಕ್ಕೆ ಹದಿನಾಲ್ಕು ಗೀಟು. ಎರಡನೇ ವಾರ ಹಿಂದೆ ಸ್ಟಾಪರ್, ಒಂಬತ್ತು. ಮೂರನೇ ವಾರ ನಡುವೆ, ಸ್ಟಾಪರಿನ ಮುಂದೆ, ಹಾಫ್ ಆಗಿ, ಐದು.

ಅಂಕಿಗಿಂತ ಹೆಚ್ಚು ಕಲಿಸಿದ್ದು ಅವಳ ಮಾತು. "ಅಪ್ಪಾ, ಹಿಂದೆ ನಿಂತಾಗ ನೀನು ಯಾವಾಗ್ಲೂ ತಿರುಗಿ ಬೇರೆಯವರ ಹಿಂದೆ ಓಡ್ತಿದ್ದೆ. ಮಧ್ಯ ನಿಂತಾಗ ಹಾಗೆ ಇರ್ಲಿಲ್ಲ." ಸರಿಯಾಗಿ ಹಿಡಿದಿದ್ದಳು. ಓಟದಲ್ಲಿ ಎರಡು ಬಗೆ. ಒಂದು ನಾನೇ ಆರಿಸಿ ಹೊರಡುವುದು, ಇನ್ನೊಂದು ಎದುರಾಳಿ ಓಡಿಸುವುದು. ನಾನು ಆರಿಸಿದ್ದಾದರೆ ಎರಡು ಹೆಜ್ಜೆ ಮೊದಲೇ ಮೈ ಸಿದ್ಧವಾಗಿರುತ್ತದೆ, ಕಾಲು ಬಿಗಿಯಾಗಿದ್ದರೆ ಬಿಟ್ಟುಬಿಡಬಹುದು. ಕೊನೆಯ ಬ್ಯಾಕಿಗೆ ಆ ಸ್ವಾತಂತ್ರ್ಯ ಇಲ್ಲ. ಇಪ್ಪತ್ತೈದರ ಹುಡುಗ ಚೆಂಡು ತಳ್ಳಿ ಹೊರಟ ಅಂದರೆ, ಹಿಂದಕ್ಕೆ ನಡೆಯುತ್ತಿದ್ದವನು ಗಕ್ಕನೆ ತಿರುಗಿ ಅದೇ ಹೆಜ್ಜೆಯಲ್ಲಿ ಪೂರ್ತಿ ವೇಗ ಎತ್ತಬೇಕು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಹೆಚ್ಚಾಗಿ ಎಳೆಯುವುದು ಪೂರ್ತಿ ವೇಗದಲ್ಲಿ. ಹಿಮ್ಮಡಿ ರಜ್ಜುವಿಗೆ ದೊಡ್ಡ ಗಂಡಾಂತರ, ಹಿಂದಕ್ಕೆ ಊರಿದ ಕಾಲನ್ನು ಒಮ್ಮೆಲೇ ಚಿಮ್ಮಿಸಿದಾಗ. ಆ ಎರಡೂ ಒಟ್ಟಿಗೆ ಬರುವ ಜಾಗ ಅದು. ದೊಡ್ಡ ಮೈದಾನದಲ್ಲಿ, ಹನ್ನೊಂದು ಜನರ ಆಟದಲ್ಲಿ, ಪಕ್ಕದಲ್ಲಿ ಇನ್ನೊಬ್ಬ ಬ್ಯಾಕ್ ಇದ್ದು ಹಿಂದೆ ಸರಿದು ನಿಲ್ಲುವ ತಂಡವಾದರೆ ಸ್ಟಾಪರ್ ಒಳ್ಳೆಯ ಜಾಗವೇ. ಏಳು ಜನರ ಟರ್ಫಿನಲ್ಲಿ ಹಿಂದೆ ಒಬ್ಬನೇ ಆದಾಗ ಅಲ್ಲ.

ದೊಡ್ಡವರೂ ಜಾಗ ಬದಲಿಸಿಯೇ ದೀರ್ಘಕಾಲ ಆಡಿದ್ದಾರೆ. ಎಡ ಬ್ಯಾಕಿನಲ್ಲಿ ಹೆಸರು ಮಾಡಿದ ಪಾವ್ಲೊ ಮಾಲ್ದೀನಿ ನಡುವಿನ ಬ್ಯಾಕ್ ಆಗಿ ನಲವತ್ತರವರೆಗೂ ಮಿಲಾನಿಗೆ ಆಡಿದ. ಗೆರೆಯ ಮೇಲೆ ಹಾರುತ್ತಿದ್ದ ರಯನ್ ಗಿಗ್ಸ್ ಮಧ್ಯಕ್ಕೆ ಸರಿದು, 2014ರಲ್ಲಿ ನಿಲ್ಲಿಸುವಾಗ ನಲವತ್ತರವನು. ಕ್ಯಾಮರೂನಿನ ರೋಜೆ ಮಿಲ್ಲಾ ಬದಲಿಸಿದ್ದು ಜಾಗವನ್ನಲ್ಲ, ನಿಮಿಷಗಳನ್ನು. 1990ರ ವಿಶ್ವಕಪ್ಪಿನಲ್ಲಿ ಅವನಿಗೆ ಮೂವತ್ತೆಂಟು. ಹೊಡೆದ ನಾಲ್ಕು ಗೋಲನ್ನೂ ಬದಲಿ ಆಟಗಾರನಾಗಿ ಬಂದು ಹೊಡೆದ. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ ದೇಶದ ತಂಡಕ್ಕೆ ವಿದಾಯ ಹೇಳಿದ ಮೇಲೂ ಮರಳಿ, 2025ರ ಮಾರ್ಚಿನಲ್ಲಿ ಮಾಲ್ಡೀವ್ಸ್ ವಿರುದ್ಧ ದೇಶಕ್ಕೆ ಗೋಲು ಹೊಡೆದಾಗ ನಲವತ್ತು. ಆದರೆ ಛೇತ್ರಿ ಒಂದು ದಿನವೂ ಆಟ ಬಿಟ್ಟವನಲ್ಲ. ಆಡುತ್ತಲೇ ನಲವತ್ತಾದವನ ರಜ್ಜು ಬೇರೆ, ಹದಿನಾರು ವರ್ಷ ಕುಳಿತು ನಲವತ್ತಾದವನ ರಜ್ಜು ಬೇರೆ. ಅವನನ್ನು ನೋಡಿ ಸಂತೋಷಪಡಬೇಕು, ಅಳತೆ ತೆಗೆದುಕೊಳ್ಳಬಾರದು.

ಈಗ ನಾನು ನಡುವೆ ಹಾಫ್. ಬ್ಯಾಕಿನಿಂದ ಚೆಂಡು ತೆಗೆದುಕೊಂಡು ಎರಡು ಮುಟ್ಟಿನಲ್ಲಿ ಮುಂದಕ್ಕೆ ಕೊಡುವುದು, ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು. ಬಲಗಡೆ ಹುಡುಗ ಓಡಿದಾಗ ಅವನ ಮುಂದೆ ಖಾಲಿ ಜಾಗದಲ್ಲಿ ಚೆಂಡು ಬೀಳಿಸುವುದೆಂದರೆ ನನಗೆ ಬಹಳ ಇಷ್ಟ. ಆ ಚೆಂಡು ಎಲ್ಲಿ ಬೀಳಬೇಕು ಅಂತ ಹಳೆಯ ರೈಟ್ ಔಟಿಗೆ ಗೊತ್ತು. ಈ ಜಾಗದಲ್ಲೂ ಕಷ್ಟ ಇಲ್ಲದಿಲ್ಲ. ಉದ್ದ ಓಟ ಕಡಿಮೆಯಾದರೂ ನಿಲ್ಲುವುದು, ತಿರುಗುವುದು ಹೆಚ್ಚು. ತೊಡೆಯ ಸಂದು ನೋಯುತ್ತದೆ. ಅದಕ್ಕೆ ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಫಿಫಾದವರು ರೂಪಿಸಿದ '11+' ಅನ್ನುವ ತಯಾರಿ ಮಾಡುತ್ತೇನೆ: ಮೊದಲು ಮೆಲ್ಲಗೆ ಓಟ, ನಡುವೆ ಬಲ ಮತ್ತು ಸಮತೋಲನದ ವ್ಯಾಯಾಮ, ಕೊನೆಗೆ ಸ್ವಲ್ಪ ವೇಗದ ಓಟ. ಏಳು ಜನರಲ್ಲಿ ಈಗ ಐದು ಜನ ಆರೂ ಹತ್ತಕ್ಕೇ ಬಂದು ಜೊತೆಗೆ ಮಾಡುತ್ತಾರೆ.

ಹೋದ ತಿಂಗಳು ಗುಂಪಿಗೆ ಹೊಸಬರೊಬ್ಬರು ಬಂದರು. ನಲವತ್ತೊಂದು ವಯಸ್ಸು, ಕಾಲೇಜಿನಲ್ಲಿ ಫಾರ್ವರ್ಡ್ ಆಡಿದ್ದರಂತೆ. ಹೋದ ಭಾನುವಾರ ಮೊದಲ ಆಟ ಮುಗಿಸಿ ಬೆವರೊರೆಸಿಕೊಳ್ಳುತ್ತಾ ನನ್ನ ಪಕ್ಕ ಕೂತರು. ಮುಖ ಹೊಳೆಯುತ್ತಿತ್ತು. "ಅಬ್ಬಾ, ಕೊನೆಗೂ ದಮ್ಮು ಬಂತು ಸರ್. ಇವತ್ತು ಎಷ್ಟು ಆಟ ಬೇಕಾದ್ರೂ ಆಡಬಲ್ಲೆ ಅನ್ನಿಸ್ತಿದೆ" ಅಂದರು.

"ಶುರುಮಾಡಿ ಎಷ್ಟನೇ ವಾರ?" ಅಂತ ಕೇಳಿದೆ.

ಬೆರಳು ಮಡಿಸಿ ಎಣಿಸಿದರು. "ಐದು."

ಒಳಗಿನಿಂದ ಯಾರೋ ಒಬ್ಬ ಕಮ್ಮಿ ಅಂತ ಕೂಗುತ್ತಿದ್ದರು. ಅವರು ಏಳಹೊರಟರು. ನಾನು ಅವರ ಮೊಣಕಾಲ ಮೇಲೆ ಕೈಯಿಟ್ಟು, "ಕೂತ್ಕೊಳ್ಳಿ, ನಿಮಗೊಂದು ಲೆಕ್ಕ ತೋರಿಸ್ತೀನಿ" ಅಂದು ಮಗಳ ನೋಟ್‌ಬುಕ್ ತೆಗೆದೆ.